ಸಹಾಯ ಬೇಕು: ಶಾಲೆ ಫೀಸು ತಿಂಗಳ ಕಂತಿಗೆ ಅರ್ಜಿ, ಒಮ್ಮೆ ನೋಡಿ ಹೇಳಿ

ನಮಸ್ಕಾರ. ಮಗಳು ಈ ವರ್ಷ 6ನೇ ತರಗತಿ. ಫೀಸು 48,000 ರೂಪಾಯಿ. ಮೇನಲ್ಲಿ 12,000 ಕಟ್ಟಿದ್ದೇವೆ. ಉಳಿದ 36,000 ಜೂನ್, ಅಕ್ಟೋಬರ್ ಎರಡೇ ಕಂತಲ್ಲಿ ಕೊಡಿ ಅಂತಾರೆ. ನಮ್ಮೆಜಮಾನರು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋದು, ಒಂದೇ ಸಲ 18,000 ಹೊಂದಿಸೋಕೆ ಆಗಲ್ಲ. ಹೋದ ವರ್ಷ ಬಾಯಿಮಾತಲ್ಲಿ ಕೇಳಿದಾಗ “ಆಯ್ತು, ನಿಧಾನಕ್ಕೆ ಕಟ್ಟಿ” ಅಂದವರೇ ಆಮೇಲೆ ದಂಡ ಹಾಕಿದರು. ಅದಕ್ಕೇ ಈ ಸಲ ಬರೆದು ಕೊಡ್ತಿದ್ದೇನೆ:

“ಮುಖ್ಯೋಪಾಧ್ಯಾಯರಿಗೆ, ನಮಸ್ಕಾರಗಳು. ನನ್ನ ಮಗಳ ಬಾಕಿ ಶುಲ್ಕ 36,000 ರೂಪಾಯಿಯನ್ನು ಜೂನ್‌ನಿಂದ ಫೆಬ್ರವರಿವರೆಗೆ ತಿಂಗಳಿಗೆ 4,000ದಂತೆ 9 ಕಂತುಗಳಲ್ಲಿ ಕಟ್ಟಲು ಅನುಮತಿ ಕೊಡಬೇಕೆಂದು ಕೋರುತ್ತೇನೆ. ಸಂಬಳ 7ನೇ ತಾರೀಖು ಬರುವುದರಿಂದ ಪ್ರತಿ ತಿಂಗಳು 10ರೊಳಗೆ ಕಟ್ಟುತ್ತೇವೆ. ವಾರ್ಷಿಕ ಪರೀಕ್ಷೆಗೆ ಮುಂಚೆಯೇ ಪೂರ್ತಿ ತೀರುತ್ತದೆ. ಈ ದಿನಾಂಕಗಳಂತೆ ಕಟ್ಟಿದರೆ ದಂಡವಿಲ್ಲವೆಂದು ಲಿಖಿತವಾಗಿ ತಿಳಿಸಿ, ಪ್ರತಿ ಕಂತಿನ ರಸೀದಿಯಲ್ಲಿ ಉಳಿದ ಬಾಕಿಯನ್ನೂ ನಮೂದಿಸಬೇಕಾಗಿ ವಿನಂತಿ.”

ಎರಡು ಪ್ರತಿ ಒಯ್ದು, ನಮ್ಮ ಪ್ರತಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳೋಣ ಅಂದುಕೊಂಡಿದ್ದೇನೆ.

ನನ್ನ ಗೊಂದಲ ಒಂದೇ. ಪಕ್ಕದ ಮನೆ ಅಕ್ಕ, ಮುಂದಿನ ತಾರೀಖಿನ 9 ಚೆಕ್ ಕೊಡ್ತೀವಿ ಅಂತ ಬರಿ, ಬೇಗ ಒಪ್ತಾರೆ ಅಂದರು. ಆದರೆ ಸಂಬಳ ಎರಡು ದಿನ ತಡವಾಗಿ ಚೆಕ್ ಬೌನ್ಸ್ ಆದರೆ ಬ್ಯಾಂಕಿನ ದಂಡ ಬೇರೆ, ಕೇಸಿನ ಭಯ ಬೇರೆ. ಚೆಕ್ ಕೊಡದೆ ಕಂತು ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಅರ್ಜಿಯಲ್ಲಿ ಏನು ಬರೆದಿರಿ? ಸೋಮವಾರ ಕೊಡಬೇಕು.