ಸಹಾಯ ಬೇಕು: ನೇಲ್ ಪಾಲಿಶ್ ಹಚ್ಚಿದರೆ ಅಕ್ಕನ ಕಣ್ಣಿನ ರೆಪ್ಪೆ ತುರಿಸುತ್ತಿದೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮನೆಯಲ್ಲಿ ಮದುವೆ ಇದೆ, ಅದಕ್ಕೇ ಈಗಲೇ ಕೇಳುತ್ತಿದ್ದೇನೆ.

ನಮ್ಮ ಅಕ್ಕ ಪಾಲಿಶ್ ಹಚ್ಚಿದ ಎರಡನೇ ದಿನಕ್ಕೆ ಅವಳ ರೆಪ್ಪೆ ಕೆಂಪಾಗಿ ಊದಿಕೊಳ್ಳುತ್ತದೆ. ಬೆರಳಿಗೆ ಮಾತ್ರ ಏನೂ ಆಗಲ್ಲ. ಕಾಡಿಗೆ ಬದಲಾಯಿಸಿ ನೋಡಿದೆವು, ಪ್ರಯೋಜನ ಆಗಲಿಲ್ಲ. ಚರ್ಮದ ಡಾಕ್ಟರು ಉಗುರು ನೋಡಿದ ಕೂಡಲೇ ಹೇಳಿದರು: ಉಗುರು ಗಟ್ಟಿ, ರೆಪ್ಪೆಯ ಚರ್ಮ ತೆಳು. ಗೊತ್ತಿಲ್ಲದೆ ಕಣ್ಣು ಮುಟ್ಟಿಕೊಂಡಾಗ ಅಲರ್ಜಿ ಅಲ್ಲೇ ಕಾಣುತ್ತದಂತೆ.

ಬಾಟಲಿಯ ಮೇಲೆ '3 ಫ್ರೀ' ಅಂತಿತ್ತು. ಅಂದರೆ ಟಾಲ್ವಿನ್, ಫಾರ್ಮಾಲ್ಡಿಹೈಡ್, ಡೈಬ್ಯುಟೈಲ್ ಥ್ಯಾಲೇಟ್ ಇಲ್ಲ ಅಂತ. ಆದರೆ ಹಿಂದಿನ ಸಣ್ಣ ಅಕ್ಷರ ಓದಿದರೆ 'ಟೋಸಿಲಮೈಡ್ ಫಾರ್ಮಾಲ್ಡಿಹೈಡ್ ರೆಸಿನ್' ಇದೆ! ಡಾಕ್ಟರಿಗೆ ಸಂಶಯ ಇರುವುದು ಇದರ ಮೇಲೇ. ಪ್ಯಾಚ್ ಟೆಸ್ಟ್ ಮುಂದಿನ ವಾರ. '5 ಫ್ರೀ'ಯಲ್ಲಿ ಸಾಮಾನ್ಯವಾಗಿ ಈ ರೆಸಿನ್ ಮತ್ತು ಕರ್ಪೂರ ಕೂಡ ಇರಲ್ಲ. ಆದರೂ ಒಂದೊಂದು ಕಂಪನಿಯ ಲೆಕ್ಕ ಒಂದೊಂದು ಥರ, ಪಟ್ಟಿ ಓದಲೇಬೇಕು ಅಲ್ವಾ?

ಈ ರೆಸಿನ್ ಇಲ್ಲದ ಬೇಸ್ ಕೋಟ್ ಯಾರಾದರೂ ಬಳಸಿದ್ದೀರಾ? ಬೇಸ್ ಇಲ್ಲದೆ ಕಡುಗೆಂಪು ಹಚ್ಚಿದರೆ ಅವಳ ಉಗುರು ಹಳದಿಯಾಗುತ್ತದೆ. ದಯವಿಟ್ಟು ಹಿಂದಿನ ಪಟ್ಟಿಯ ಫೋಟೋ ಹಾಕಿ.

ಇನ್ನೊಂದು ಪ್ರಶ್ನೆ. ಅಸಿಟೋನ್ ರಿಮೂವರ್‌ನಿಂದ ಅವಳ ಉಗುರಿನ ಸುತ್ತ ಬೆಳ್ಳಗೆ ಒಣಗುತ್ತದೆ. ಅಸಿಟೋನ್ ಇಲ್ಲದ್ದು ತಂದೆವು, ಅದರಲ್ಲಿ ಈಥೈಲ್ ಅಸಿಟೇಟ್ ಇದೆ. ಗ್ಲಿಟರ್ ಬಿಡಿಸಲು ಹತ್ತಿ ಒತ್ತಿ ಐದು ನಿಮಿಷ ಇಟ್ಟರೂ ಅರ್ಧ ಉಳಿಯುತ್ತದೆ. ಉಜ್ಜದೆ ತೆಗೆಯುವುದು ಹೇಗೆ?