ಕತೆಯ ಹುಡುಗಿ ರಾತ್ರಿಯಿಡೀ ಪ್ರಬಂಧ ಬರೆಯುತ್ತಾಳೆ, ಕತೆ ಮುಂದೆ ಹೋಗ್ತಿಲ್ಲ

ಕೇಳಿದವರು, ಕೊಣಾಜೆ: ಸಣ್ಣಕತೆ ಬರೆಯುತ್ತಿದ್ದೇನೆ. ಹಾಸ್ಟೆಲ್ ರೂಮು, ರಾತ್ರಿ ಒಂದು ಗಂಟೆ, ಹೊರಗೆ ಆಟಿಯ ಮಳೆ. ಎಂಎ ಹುಡುಗಿ ಇಂಗ್ಲಿಷ್ ಕವಿ ಬ್ಲೇಕ್‌ನ ‘ದಿ ಸಿಕ್ ರೋಸ್’, ಅಂದರೆ ಹುಳ ಹಿಡಿದ ಗುಲಾಬಿಯ ಪದ್ಯದ ಬಗ್ಗೆ ಬೆಳಿಗ್ಗೆ ಪ್ರಬಂಧ ಕೊಡಬೇಕು. ಅವಳು ಯೋಚಿಸುವುದು ಬಿಟ್ಟರೆ ಏನೂ ನಡೆಯುತ್ತಿಲ್ಲ. ಇಂಥ ರಾತ್ರಿ ಕಳೆದವರು ನಿಮ್ಮ ಅನುಭವ ಹೇಳಿ.

ವಿದ್ಯಾ, ಉಡುಪಿ: ಅವಳ ಯೋಚನೆ ಬೇಡ, ಅವಳು ಬರೆದು ಹೊಡೆದುಹಾಕಿದ ವಾಕ್ಯ ತೋರಿಸಿ. ನಾನು ಈ ಪದ್ಯ ಪಾಠ ಮಾಡಿದ್ದೇನೆ. ಜಾಸ್ತಿ ಮಕ್ಕಳ ಮೊದಲ ವಾಕ್ಯ ಒಂದೇ: ಹುಳ ಎಂದರೆ ಕೆಟ್ಟ ಕಾಮ, ಗುಲಾಬಿ ಎಂದರೆ ಮುಗ್ಧ ಹೆಣ್ಣು. ಅರ್ಧ ಪುಟ ಸಲೀಸಾಗಿ ಹೋಗುತ್ತದೆ. ಆಮೇಲೆ, ಹುಳ ಹುಡುಕಿಕೊಂಡು ಬಂದ ಜಾಗವನ್ನು ಕವಿ ಕಡುಗೆಂಪು ಸುಖದ ಹಾಸಿಗೆ ಅಂದದ್ದು ಕಣ್ಣಿಗೆ ಬೀಳುತ್ತದೆ. ಹುಳ ಬರುವ ಮೊದಲೇ ಅಲ್ಲಿ ಸುಖ ಇತ್ತಾ? ಹಾಗಾದರೆ ‘ಮುಗ್ಧ’ ಅಂದದ್ದು ಅಲ್ಲಾಡಿತಲ್ವಾ? ಅಲ್ಲಿ ಪೆನ್ನು ನಿಲ್ಲಲಿ. ಎಂಟೇ ಸಾಲಿನ ಪದ್ಯ, ಮತ್ತೆ ಮೊದಲಿಂದ ಓದಲಿ. ಹುಳ ಕಣ್ಣಿಗೆ ಕಾಣದ್ದು, ಹಾರುವುದು ರಾತ್ರಿ, ಅದೂ ಬಿರುಗಾಳಿಯಲ್ಲಿ, ಅದರ ಪ್ರೀತಿಯೂ ಗುಟ್ಟಿನದು. ಹಾಗಾದರೆ ಇಷ್ಟೆಲ್ಲ ನೋಡಿದವರು ಯಾರು? ‘ನಿನಗೆ ಕಾಯಿಲೆ’ ಎಂದು ಗುಲಾಬಿಗೆ ಹೇಳುವ ದನಿ ಒಂದೇ ಅಲ್ಲಿ ಕೇಳುವುದು, ಗುಲಾಬಿ ಬಾಯಿ ಬಿಡುವುದೇ ಇಲ್ಲ. ಪ್ರಬಂಧ ಹುಳವನ್ನು ಬಿಟ್ಟು ಆ ದನಿಯ ಕಡೆ ತಿರುಗಿದರೆ, ಅದೇ ನಿಮ್ಮ ಕತೆಯಲ್ಲಿ ನಡೆಯುವ ಸಂಗತಿ.

ಪ್ರಶಾಂತ, ಸುರತ್ಕಲ್: ಇಷ್ಟು ತಲೆಬಿಸಿ ಯಾಕೆ ಮಾರಾಯ್ರೆ? ಎರಡರ್ಥದ ಪದ್ಯಕ್ಕೆ ತಪ್ಪು ಉತ್ತರ ಅಂತ ಇಲ್ಲ. ಅನ್ನಿಸಿದ್ದು ಬರೆದು ಮಲಗಲಿ.

ವಿದ್ಯಾ: ಒಂದೇ ಉತ್ತರ ಇಲ್ಲ, ಅದು ಸರಿ. ಆದರೆ ಗುಲಾಬಿ ಚೆನ್ನಾಗಿಯೇ ಇದೆ ಅಂತ ಬರೆದರೆ ಮೊದಲ ಸಾಲೇ ಅಡ್ಡ ಬರುತ್ತದೆ. 1794ರಲ್ಲಿ ಬ್ಲೇಕ್ ಇದನ್ನು ತಾನೇ ಬಿಡಿಸಿದ ಚಿತ್ರದ ಜೊತೆ ಅಚ್ಚು ಹಾಕಿದ, ಅದರಲ್ಲೂ ಹೂವು ನೆಲಕ್ಕೆ ಬಾಗಿದೆ. ಕಾಯಿಲೆ ನಿಜ. ಅದಕ್ಕೆ ಹುಳವೇ ಕಾರಣ ಅಂತ ಆ ದನಿ ಹೇಳುವುದನ್ನು ನಂಬಬೇಕಾ ಅನ್ನುವುದು ಪ್ರಶ್ನೆ.

ಶಾಲಿನಿ, ಕುಂದಾಪುರ: ಬೆಳಿಗ್ಗೆಯೇ ಕೊಡಬೇಕಾ? ಪಾಪ. ನಾನು ಬಿಎಯಲ್ಲಿ ಬೇರೆ ಒಂದು ಪದ್ಯಕ್ಕೆ ಎರಡೂ ಅರ್ಥ ಸಮಸಮ ಬರೆದು ಕೊಟ್ಟಿದ್ದೆ. ಲೆಕ್ಚರರ್ ಕೆಂಪು ಪೆನ್ನಿನಲ್ಲಿ ‘ಇದರಲ್ಲಿ ನೀನು ಎಲ್ಲಿದ್ದೀ?’ ಅಂತ ಬರೆದಿದ್ದರು. ನೀವು ಒಂದು ಕಡೆ ನಿಂತು ಬರೆಯಿರಿ, ಇನ್ನೊಂದು ಅರ್ಥ ಯಾವ ಸಾಲಿನಿಂದ ಹುಟ್ಟುತ್ತದೆ ಅಂತ ಒಂದು ಪ್ಯಾರಾ ಸೇರಿಸಿ. ಮೊದಲು ಒಂದು ಚಾ ಕುಡೀರಿ.

ಕೇಳಿದವರು: ಪ್ರಬಂಧ ನನ್ನದಲ್ಲ ಅಕ್ಕ, ಕತೆಯ ಹುಡುಗಿಯದು! ಆದರೆ ಆ ಕೆಂಪು ಪೆನ್ನಿನ ಮಾತು ಅವಳ ಹಳೇ ಪ್ರಬಂಧದಲ್ಲಿ ಇರಲಿ ಅನ್ನಿಸ್ತು, ತಗೊಳ್ಳಬಹುದಾ? ವಿದ್ಯಾ ಮೇಡಂ, ಅವಳು ಯಾವ ಕಡೆ ನಿಲ್ಲಲಿ?

ವಿದ್ಯಾ: ನಾನಾದರೆ ಆ ದನಿಯನ್ನು ನಂಬುವುದಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು ಪೂರ್ತಿ ನಂಬುತ್ತಾರೆ, ನೊಂದವರು ಹೀಗೇ ಮಾತಾಡುವುದು ಅನ್ನುತ್ತಾರೆ. ಅವರಿಗೆ ಕೊಡಲು ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.