ಅಸೋಸಿಯೇಟ್ ಕಂಪನಿ ನಷ್ಟದಲ್ಲಿದ್ದಾಗ ಈಕ್ವಿಟಿ ಮೆಥಡ್: ನಿಮ್ಮ ಅನುಭವ ಹೇಳಿ

ಕೇಳಿದವರು, ಹುಬ್ಬಳ್ಳಿ: ಬ್ಯಾಡಗಿ ಹತ್ತಿರದ ಕೋಲ್ಡ್ ಸ್ಟೋರೇಜ್ ಕಂಪನಿಯಲ್ಲಿ ನಮ್ಮದು 25% ಷೇರು. ಬೋರ್ಡಿನಲ್ಲಿ ಒಂದು ಸೀಟಿದೆ, ಹಿಡಿತ ನಮ್ಮದಲ್ಲ, ಹಾಗಾಗಿ ನಮಗೆ ಅದು ಅಸೋಸಿಯೇಟ್. ಎರಡು ವರ್ಷದಿಂದ ಲಾಸ್. ಎಲ್ಲ ಕಂಪನಿ ಸೇರಿಸಿ ಮಾಡುವ ಕನ್ಸಾಲಿಡೇಟೆಡ್ ಲೆಕ್ಕದಲ್ಲಿ ಈಕ್ವಿಟಿ ಮೆಥಡ್ ಅಂದರೆ ಅವರ ಲಾಭದಲ್ಲಿ ನಮ್ಮ ಪಾಲನ್ನು ಹೂಡಿಕೆಯ ಬೆಲೆಗೆ ಸೇರಿಸುವುದು, ನಷ್ಟದ ಪಾಲನ್ನು ಕಳೆಯುವುದು. ಆ ಬೆಲೆಯನ್ನು ಎಲ್ಲಿಯವರೆಗೆ ಇಳಿಸಬೇಕು? ನಾವು ಎಎಸ್ 23 ಅನ್ನುವ ಅಕೌಂಟಿಂಗ್ ಸ್ಟ್ಯಾಂಡರ್ಡ್ ಪಾಲಿಸುವವರು.

ಅಕೌಂಟ್ಸ್ ನೋಡುವವಳು, ಹಾವೇರಿ: ನನ್ನ ಕಥೆ ಕೇಳಿ. ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ನಮ್ಮ ಕಂಪನಿಗೆ 30% ಇತ್ತು, ಹಾಕಿದ್ದು 60 ಲಕ್ಷ. ಮೊದಲ ವರ್ಷ ಮಿಲ್ಲಿಗೆ 90 ಲಕ್ಷ ನಷ್ಟ. ನಮ್ಮ ಪಾಲು 27 ಕಳೆದೆ, 33 ಉಳಿಯಿತು. ಮರುವರ್ಷ ನಷ್ಟ 1 ಕೋಟಿ 40 ಲಕ್ಷ, ನಮ್ಮ ಪಾಲು 42. ಇರುವುದೇ 33 ಅಲ್ವಾ? ಅಷ್ಟು ಕಳೆದು ಸೊನ್ನೆಗೆ ನಿಲ್ಲಿಸಿದೆ. ಅಲ್ಲಿಯವರೆಗೆ ಸರಿಯಾಗಿತ್ತು.

ಮೂರನೇ ವರ್ಷ ಮಿಲ್ಲು 50 ಲಕ್ಷ ಲಾಭ ಮಾಡಿತು. ಖುಷಿಯಲ್ಲಿ ನಮ್ಮ ಪಾಲು 15 ಲಕ್ಷ ಪೂರ್ತಿ ಸೇರಿಸಿಬಿಟ್ಟೆ. ಸಾಹುಕಾರರು ಅದೇ ಅಂಕಿ ಬ್ಯಾಂಕಿಗೂ ಹೇಳಿ ಬಂದರು. ಆಡಿಟರ್ ಫೈಲ್ ವಾಪಸ್ ಕಳಿಸಿದರು. ಹಿಂದಿನ ವರ್ಷ ಲೆಕ್ಕಕ್ಕೆ ತಗೊಳ್ಳದೆ ಬಿಟ್ಟ 9 ಲಕ್ಷ ಮೊದಲು ತುಂಬಬೇಕಂತೆ, ಉಳಿದ 6 ಮಾತ್ರ ನಮ್ಮದು. ಮೂರು ರಾತ್ರಿ ಕೂತು ಅಸೋಸಿಯೇಟ್ ವಿವರ ತುಂಬುವ ಎಒಸಿ-1 ಫಾರ್ಮ್ ಸಮೇತ ಎಲ್ಲ ಮತ್ತೆ ಮಾಡಿದೆ. ಆ 9 ಲಕ್ಷವನ್ನು ನಾನೇ ಲೆಡ್ಜರಿನ ಕೊನೇ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ. ನೋಡಲೇ ಇಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪ್ರೆಸ್ ಮಾಲೀಕ, ಗದಗ: ಸೊನ್ನೆ ಅಂದರೆ ಸೊನ್ನೆ. ನಮ್ಮ ಪೇಪರ್ ಸಪ್ಲೈ ಕಂಪನಿಯಲ್ಲಿ ನನ್ನದು 22%, ಹಾಕಿದ 11 ಲಕ್ಷ ಎರಡೇ ವರ್ಷದಲ್ಲಿ ಕರಗಿತು. ಅಲ್ಲಿಗೆ ನಿಲ್ಲಿಸಿದೆ, ಒಂದು ರೂಪಾಯಿ ಜಾಸ್ತಿ ಬರೆಯಲಿಲ್ಲ. ಅವರ ಮಷೀನ್ ಸಾಲಕ್ಕೆ ಗ್ಯಾರಂಟಿಗೂ ಸಹಿ ಹಾಕಿದ್ದೇವೆ, ಅದು ಬೇರೆ ವಿಷಯ.

ಸಿಎ, ಧಾರವಾಡ: ಬೇರೆ ವಿಷಯ ಅಲ್ಲರೀ ಸಾಹುಕಾರ್ರೇ, ಅದೇ ವಿಷಯ. ಎಎಸ್ 23ರಲ್ಲಿ ಸೊನ್ನೆಗೆ ನಿಲ್ಲಿಸುವುದು ಸಾಮಾನ್ಯ ನಿಯಮ. ಆದರೆ ಆ ಕಂಪನಿಯ ಸಾಲಕ್ಕೆ ನೀವು ಗ್ಯಾರಂಟಿ ಕೊಟ್ಟು, ಅದರಿಂದ ನಿಮ್ಮ ಮೇಲೆ ಹೊಣೆ ಬಂದಿದ್ದರೆ, ಅಷ್ಟರ ಮಟ್ಟಿಗೆ ಹೆಚ್ಚಿನ ನಷ್ಟಕ್ಕೂ ಪ್ರಾವಿಷನ್ ಮಾಡಬೇಕು, ಅಂದರೆ ಲೆಕ್ಕದಲ್ಲಿ ಈಗಲೇ ನಷ್ಟ ಬರೆದಿಡಬೇಕು. ಹಾವೇರಿಯವರ ಕಂಪನಿ ಹೀಗೆ ಸಹಿ ಹಾಕಿ, ಬ್ಯಾಂಕು ಅವರನ್ನೇ ಕೇಳಿದ್ದರೆ, ಆ 9 ಲಕ್ಷ ಪುಸ್ತಕದ ಹೊರಗೆ ಉಳಿಯುತ್ತಿರಲಿಲ್ಲ.

ಪ್ರೆಸ್ ಮಾಲೀಕ, ಗದಗ: ಬ್ಯಾಂಕಿನಿಂದ ನನಗೆ ಒಂದು ಕಾಗದ ಬಂದಿಲ್ಲ. ಕಂತು ಎರಡು ತಿಂಗಳು ತಡ ಆಗಿದೆ, ಅಷ್ಟೇ. ನನ್ನ ಮೇಲೆ ಇನ್ನೂ ಬಾರದ ಬಾಕಿಗೆ ನಾನ್ಯಾಕೆ ನಷ್ಟ ಬರೀಲಿ?

ಫೈನಾನ್ಸ್ ಮ್ಯಾನೇಜರ್, ಹುಬ್ಬಳ್ಳಿ: ಗ್ಯಾರಂಟಿ ಬಿಡಿ, ನೀವೇ ಕೊಟ್ಟ ಸಾಲ ನೋಡಿ! ನಾವು ಅಸೋಸಿಯೇಟ್‌ಗೆ 40 ಲಕ್ಷ ಕೊಟ್ಟಿದ್ದೆವು. ಪತ್ರ ಇಲ್ಲ, ಅಡಮಾನ ಇಲ್ಲ, ವಾಪಸ್ ಬರುವ ದಾರಿಯೂ ಇರಲಿಲ್ಲ. ಷೇರಿನ ಬೆಲೆ ಸೊನ್ನೆ ಆದ ಮೇಲೂ ನಮ್ಮ ಪಾಲಿನ 12 ಲಕ್ಷ ನಷ್ಟ ಉಳಿದಿತ್ತು. ಅದನ್ನು ಸಾಲದಿಂದ ಕಳೆದು 28ಕ್ಕೆ ತಂದೆವು. ಬೋರ್ಡಿನಲ್ಲಿ ನನ್ನನ್ನು ಎರಡು ಗಂಟೆ ನಿಲ್ಲಿಸಿ ಕೇಳಿದರು. ಎಲ್ಲರೂ ಹೀಗೇ ಮಾಡಬೇಕು.

ಸಿಎ, ಧಾರವಾಡ: ನಿಮ್ಮ ಕಂಪನಿ ಪಾಲಿಸುವುದು ಇಂಡ್ ಎಎಸ್ 28, ಅದು ಬೇರೆ ಸ್ಟ್ಯಾಂಡರ್ಡ್. ಅಲ್ಲಿ ಇಂಥ ಸಾಲವನ್ನೂ ಹೂಡಿಕೆಯ ಭಾಗ ಅಂತಲೇ ನೋಡುತ್ತಾರೆ. ಎಎಸ್ 23ರಲ್ಲಿ ಆ ಮಾತಿಲ್ಲ. ನಿಮ್ಮ ಅಂಗಿ ಇವರಿಗೆ ತೊಡಿಸಬೇಡಿ.

ಫೈನಾನ್ಸ್ ಮ್ಯಾನೇಜರ್, ಹುಬ್ಬಳ್ಳಿ: ಹಾಗಾದರೆ ಬಾರದ ಸಾಲವನ್ನು ಪೂರ್ತಿ ಆಸ್ತಿ ಅಂತ ತೋರಿಸಿ ಕೂರಬೇಕಾ?

ಸಿಎ, ಧಾರವಾಡ: ನಾನು ಹಾಗೆಲ್ಲಿ ಹೇಳಿದೆ? ಬಾರದ್ದಾದರೆ ಬಾರದ ಸಾಲಕ್ಕೆ ಅಂತಲೇ ಪ್ರಾವಿಷನ್ ಮಾಡಿ. ಅದನ್ನು ಈಕ್ವಿಟಿ ಮೆಥಡ್ ಹೆಸರಿನಲ್ಲಿ ಯಾಕೆ ಕಳೆಯುತ್ತೀರಿ?

ಬೀಜದ ವ್ಯಾಪಾರಿ, ನವಲಗುಂದ: ನನಗೆ ಅಸೋಸಿಯೇಟ್‌ನಿಂದ ಡಿವಿಡೆಂಡ್ 3 ಲಕ್ಷ ಬಂತು. ಟಿಡಿಎಸ್ ಹಿಡಿದು ಕೊಟ್ಟರು. ಕನ್ಸಾಲಿಡೇಟೆಡ್‌ನಲ್ಲಿ ಆದಾಯ ಅಂತ ಹಾಕಿದರೆ ಆಡಿಟರ್ ಹೊಡೆದು ಹಾಕಿದರು. ತೆರಿಗೆ ಕಟ್ಟಿದ್ದು ಸುಳ್ಳಾ?

ಅಕೌಂಟ್ಸ್ ನೋಡುವವಳು, ಹಾವೇರಿ: ಅಣ್ಣಾ, ಅವರು ಕೇಳಿದ್ದು ನಷ್ಟದ ವಿಷಯ. ಆದ್ರೂ ಹೇಳ್ತೀನಿ. ನಿಮ್ಮ ಸ್ವಂತ ಲೆಕ್ಕದಲ್ಲಿ ಅದು ಆದಾಯವೇ, ತೆರಿಗೆ ಅದಕ್ಕೇ. ಕನ್ಸಾಲಿಡೇಟೆಡ್‌ನಲ್ಲಿ ಲಾಭದ ಪಾಲು ಆಗಲೇ ಸೇರಿಸಿದ್ದೀರಿ. ಅದೇ ದುಡ್ಡು ಕೈಗೆ ಬಂದಾಗ ಹೂಡಿಕೆಯ ಬೆಲೆಯಿಂದ ಇಳಿಸಬೇಕು, ಇಲ್ಲಾಂದ್ರೆ ಎರಡು ಸಲ ಎಣಿಸಿದ ಹಾಗೆ.

ಪ್ರೆಸ್ ಮಾಲೀಕ, ಗದಗ: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಕಂತು ತಡ ಆದರೆ ಹೊಣೆ ಬಂದ ಹಾಗಾ?

ಸಿಎ, ಧಾರವಾಡ: ಗ್ಯಾರಂಟಿ ಪತ್ರದಲ್ಲಿ ಏನಿದೆ, ಆ ಕಂಪನಿಯ ಕೈಯಲ್ಲಿ ಕಂತಿಗೆ ಹಣ ಇದೆಯಾ ಅಂತ ನೋಡದೆ ಯಾವ ಆಡಿಟರೂ ಹೇಳಲ್ಲ. ನಾನೂ ಹೇಳಲ್ಲ.

ಕೇಳಿದವರು, ಹುಬ್ಬಳ್ಳಿ: ನಮ್ಮ ಹಳೇ ಬೋರ್ಡ್ ಫೈಲ್ ತೆಗೆಸಿದೆ. 2 ವರ್ಷದ ಹಿಂದೆ ನಾವೂ ಒಂದು ಗ್ಯಾರಂಟಿಗೆ ಸಹಿ ಹಾಕಿದ್ದೇವೆ. ಎಷ್ಟು ಮೊತ್ತಕ್ಕೆ ಅನ್ನುವ ಪುಟ ಮಾತ್ರ ಸಿಗುತ್ತಿಲ್ಲ. ಸೋಮವಾರ ಬ್ಯಾಂಕಿಗೇ ಹೋಗಿ ಪ್ರತಿ ತರುತ್ತೇನೆ.